‘ಆಯ್ತು ಸಾರ್’ ಅಂದರೆ ಒಪ್ಪಿದ್ದಾ, ಮುಗಿಸಿದ್ದಾ?

ಪೀಣ್ಯದ ಕಡೆಯ ಯಾವುದೇ ಮಧ್ಯಮ ಗಾತ್ರದ ಮಷಿನ್ ಶಾಪ್‌ನ ಸೋಮವಾರದ ಪ್ರೊಡಕ್ಷನ್ ಮೀಟಿಂಗ್ ತೆಗೆದುಕೊಳ್ಳಿ. ಪ್ರೊಡಕ್ಷನ್, ಕ್ವಾಲಿಟಿ, ಮೇಂಟೆನೆನ್ಸ್, ಸ್ಟೋರ್ಸ್, ಡಿಸ್ಪ್ಯಾಚ್ ಎಲ್ಲ ಸೇರಿ ಏಳೆಂಟು ಜನ ಇರುತ್ತಾರೆ. ಹತ್ತಕ್ಕೆ ಶುರುವಾಗಿ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ್ದು ಹನ್ನೊಂದೂವರೆಗೆ ಹೋಗುತ್ತದೆ. ಹೋದ ವಾರ ಒಪ್ಪಿಕೊಂಡ ಕೆಲಸಗಳಲ್ಲಿ ಅರ್ಧ ಯಾರಿಗೂ ನೆನಪಿರುವುದಿಲ್ಲ. ಈ ಎರಡು ತೊಂದರೆಗೆ ಮೂಲ ಒಂದೇ: ಹಳೆಯ ಕೆಲಸ ಕೇಳುವುದಕ್ಕೂ ಹೊಸ ಕೆಲಸ ಬರೆದುಕೊಳ್ಳುವುದಕ್ಕೂ ಅಜೆಂಡಾದಲ್ಲಿ ನಿಮಿಷವನ್ನೇ ಇಟ್ಟಿರುವುದಿಲ್ಲ.

ಹಾಗಾಗಿ 45 ನಿಮಿಷದ ಮೀಟಿಂಗ್‌ಗೆ 40 ನಿಮಿಷಕ್ಕಿಂತ ಹೆಚ್ಚು ಹಂಚಬೇಡಿ, ಆ ನಲವತ್ತರಲ್ಲೂ ಮೊದಲ 8 ಮತ್ತು ಕೊನೆಯ 4 ನಿಮಿಷ, ಒಪ್ಪಿಕೊಂಡ ಕೆಲಸಗಳನ್ನು ಬರೆದಿಡುವ ಲಾಗ್‌ಗೇ ಮೀಸಲಿಡಿ. ಉಳಿದ 28 ನಿಮಿಷಕ್ಕೆ ಮೂರು ವಿಷಯ ಸಾಕು. ಉದಾಹರಣೆಗೆ, ಶಾಫ್ಟ್ ರಿಜೆಕ್ಷನ್‌ಗೆ 12, ಈ ವಾರದ ಡಿಸ್ಪ್ಯಾಚ್‌ಗೆ 10, ನಾಲ್ಕನೇ ಸಿಎನ್‌ಸಿಯ ಸ್ಪಿಂಡಲ್ ಬೇರಿಂಗ್‌ಗೆ 6. ವಿಷಯವನ್ನು ‘ರಿಜೆಕ್ಷನ್’ ಅಂತ ಒಂದು ಪದದಲ್ಲಿ ಬರೆದರೆ ಹನ್ನೆರಡು ನಿಮಿಷ ಎಲ್ಲಿಗೂ ಸಾಲುವುದಿಲ್ಲ. ‘ವಾಪಸ್ ಬಂದ 60 ಶಾಫ್ಟ್ ರೀಗ್ರೈಂಡ್ ಮಾಡಬೇಕಾ, ಬೇಡವಾ?’ ಅಂತ ಪ್ರಶ್ನೆಯಾಗಿ ಬರೆಯಿರಿ. ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ವಿಷಯ ಮುಗಿಯಿತು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಗಡಿಯಾರ ನೋಡುವವರು ಮೀಟಿಂಗ್ ನಡೆಸುವವರಾಗಿರಬಾರದು. ಮಾತಿನಲ್ಲಿ ಮುಳುಗಿದವರಿಗೆ ಹೊತ್ತು ತಿಳಿಯುವುದಿಲ್ಲ. ಸ್ಟೋರ್ಸ್‌ನವರೋ ಪ್ಲಾನಿಂಗ್‌ನವರೋ, ಆ ವಿಷಯದಲ್ಲಿ ವಾದಕ್ಕಿಳಿಯದ ಒಬ್ಬರು ‘ಇನ್ನು ಎರಡು ನಿಮಿಷ’ ಅಂತ ಹೇಳಲಿ. ಅವಧಿ ಮುಗಿದಾಗ ನಡೆಸುವವರ ಮುಂದೆ ಮೂರೇ ದಾರಿ ಇರುತ್ತವೆ. ಈಗಲೇ ತೀರ್ಮಾನಿಸುವುದು, ಇಬ್ಬರು ಮೂವರನ್ನು ಹೆಸರಿಸಿ ಬೇರೆ ಹೊತ್ತಿಗೆ ಕೂರಿಸುವುದು, ಇಲ್ಲವೇ ‘ಡಿಸ್ಪ್ಯಾಚ್‌ನ ಐದು ನಿಮಿಷ ಇದಕ್ಕೆ ತಗೋತೀನಿ’ ಅಂತ ಬಾಯಿಬಿಟ್ಟು ಹೇಳುವುದು. ಮೂರನೆಯದನ್ನು ಹೇಳಿದ ಕೂಡಲೇ ಡಿಸ್ಪ್ಯಾಚ್‌ನವರು ಎದುರು ಮಾತಾಡುತ್ತಾರೆ. ಮಾತಾಡಲಿ, ಅದಕ್ಕೇ ಜೋರಾಗಿ ಹೇಳುವುದು. ಕದ್ದ ನಿಮಿಷ ಯಾರದ್ದು ಅಂತ ಗೊತ್ತಾಗದಿದ್ದಾಗಲೇ ಮೀಟಿಂಗ್ ಹನ್ನೊಂದೂವರೆಗೆ ಹೋಗುವುದು.

ಶಾಫ್ಟ್ ವಿಷಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಮೈಕ್ರೋಮೀಟರ್‌ನಲ್ಲಿ ವ್ಯಾಸ ಸರಿಯಿದೆ, ಗ್ರಾಹಕರ ಗೇಜ್‌ನಲ್ಲಿ ಓವರ್‌ಸೈಜ್. ಒಂಬತ್ತನೇ ನಿಮಿಷಕ್ಕೆ ‘ಅವರ ಗೇಜೇ ಸರಿಯಿಲ್ಲ’ ಅಂತ ಒಬ್ಬರು, ‘ವೀಲ್ ಡ್ರೆಸ್ಸಿಂಗ್ ತಡ ಆಗ್ತಿದೆ’ ಅಂತ ಇನ್ನೊಬ್ಬರು ಹಿಡಿದು ಕೂರುತ್ತಾರೆ. ಇದು ಎಷ್ಟು ಮಾತಾಡಿದರೂ ತೀರುವ ಜಗಳವಲ್ಲ, ಯಾಕೆಂದರೆ ಅಳತೆ ಯಾರ ಕೈಯಲ್ಲೂ ಇಲ್ಲ. ಇಲ್ಲಿ ಕೇಳಬೇಕಾದ್ದು ಒಂದೇ: ‘ತೀರ್ಮಾನಕ್ಕೆ ಏನು ಕಮ್ಮಿ ಇದೆ?’ ಒಂದೇ ಹತ್ತು ಪೀಸ್‌ಗಳನ್ನು ಎರಡೂ ಗೇಜ್‌ನಲ್ಲಿ ಅಳೆದ ಹಾಳೆ ಕಮ್ಮಿ ಇದೆ. ಅದು ಕೆಲಸವಾಗಿ ಲಾಗ್‌ಗೆ ಹೋಗಬೇಕು. ಜೊತೆಗೆ, ಹಾಳೆ ಬರುವವರೆಗೂ ನೂರಕ್ಕೆ ನೂರು ಪೀಸ್ ತಪಾಸಣೆ ಅನ್ನುವ ತಾತ್ಕಾಲಿಕ ತೀರ್ಮಾನವೂ ಅವತ್ತೇ ಆಗಬೇಕು. ಬರೀ ಕೆಲಸ ಬರೆದು ಎದ್ದರೆ ಹಾಳೆ ಬರುವವರೆಗೂ ಮಷಿನ್ ಅದೇ ತಪ್ಪನ್ನು ಮಾಡುತ್ತಿರುತ್ತದೆ.

ಇನ್ನು ಬರೆಯುವ ರೀತಿ. ‘ಮಾಡ್ತೀವಿ ಸಾರ್’ ಅನ್ನುವುದರಲ್ಲಿ ಮಾಡುವವರು ಯಾರೂ ಇಲ್ಲ. ‘ಮಾಡ್ತೀನಿ’ ಅಂತ ಒಬ್ಬರ ಬಾಯಿಂದ ಬಂದ ಮೇಲೆಯೇ ಸಾಲು ಬರೆಯಿರಿ, ಹೆಸರಿನ ಜಾಗದಲ್ಲಿ ‘ಕ್ವಾಲಿಟಿ’ ಅಂತ ಇಲಾಖೆಯನ್ನು ಹಾಕಬೇಡಿ. ಮೀಟಿಂಗ್‌ಗೆ ಬಾರದವರ ತಲೆಗೂ ಕಟ್ಟಬೇಡಿ. ‘ಆಯ್ತು’ ಅನ್ನುವುದು ಇನ್ನೂ ಅಪಾಯ. ಒಪ್ಪಿಗೆಗೂ ಅದೇ ಪದ, ಮುಗಿದದ್ದಕ್ಕೂ ಅದೇ ಪದ. ವಾಟ್ಸಾಪ್ ಗುಂಪಿನಲ್ಲಿ ‘ಆಯ್ತು’ ಅಂತ ಬಂದದ್ದನ್ನು ಮುಗಿದಿದೆ ಅಂದುಕೊಂಡು ಲಾಗ್‌ನಲ್ಲಿ ಮುಚ್ಚಿಬಿಡುವುದು ಸಾಮಾನ್ಯ ತಪ್ಪು. ಆದ್ದರಿಂದ ಕೆಲಸದ ಪಕ್ಕದಲ್ಲೇ ‘ಏನು ಕೈಗೆ ಬಂದರೆ ಮುಗಿದಂತೆ’ ಅನ್ನುವ ಕಾಲಂ ಇರಲಿ. ‘ಗೇಜ್ ಪರಿಶೀಲಿಸುವುದು’ ಅಂತಲ್ಲ, ‘ಹತ್ತು ಪೀಸ್, ಎರಡು ಗೇಜ್, ಸಹಿ ಹಾಕಿದ ಅಳತೆ ಹಾಳೆ ಪ್ರೊಡಕ್ಷನ್ ಮ್ಯಾನೇಜರ್ ಟೇಬಲ್ ಮೇಲೆ’. ಸಾಲನ್ನು ಮುಚ್ಚುವವರು ಹಾಳೆ ಪಡೆದವರು, ಕೊಟ್ಟವರಲ್ಲ.

ಗಡುವು ಮುಂದಿನ ಸೋಮವಾರ ಇರಬಾರದು. ಸೋಮವಾರ ಕೊಟ್ಟರೆ ಎಲ್ಲರೂ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಓಡಾಡುತ್ತಾರೆ, ಆಗದಿದ್ದರೆ ಸರಿಪಡಿಸಲು ಹೊತ್ತಿಲ್ಲ. ಗುರುವಾರ ಸಂಜೆ 4 ಗಂಟೆ ಅಂತ ಹಾಕಿ. ಬುಧವಾರ ಬೆಳಿಗ್ಗೆ ಲಾಗ್ ನೋಡಿಕೊಳ್ಳುವವರು ಒಬ್ಬೊಬ್ಬರ ಹತ್ತಿರ ಹೋಗಿ ಅಥವಾ ಫೋನ್ ಮಾಡಿ ‘ನಾಳೆ ಹಾಳೆ ಸಿಗುತ್ತಾ, ಏನಾದರೂ ಅಡ್ಡ ಬಂದಿದೆಯಾ?’ ಅಂತ ಕೇಳಬೇಕು. ಗುಂಪಿನಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ, ಹೆಬ್ಬೆರಳ ಚಿತ್ರ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಗ್ರಾಹಕರ ಗೇಜ್ ಇನ್ನೂ ಕೈಗೆ ಬಂದಿಲ್ಲ ಅನ್ನುವುದು ಬುಧವಾರವೇ ಗೊತ್ತಾದರೆ, ಹತ್ತು ಪೀಸ್‌ಗಳನ್ನು ಅವರ ಹತ್ತಿರಕ್ಕೇ ಕಳಿಸಬಹುದು. ಸೋಮವಾರ ಗೊತ್ತಾದರೆ ಒಂದು ವಾರ ಹೋಯಿತು.

ಲಾಗ್ ಒಂದು ಸಾದಾ ಶೀಟ್ ಆದರೆ ಸಾಕು, ಆದರೆ ದಿನಾಂಕದಲ್ಲಿ ಒಂದು ಗುಂಡಿ ಇದೆ. ಎಕ್ಸೆಲ್‌ನಲ್ಲಿ ಕೆಲವರು 14.8.25 ಅಂತ ಚುಕ್ಕಿ ಹಾಕಿ ಬರೆಯುತ್ತಾರೆ. ನಮ್ಮ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ದಿನಾಂಕವಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಅಕ್ಷರವನ್ನು ಸಂಖ್ಯೆಯ ಜೊತೆ ಹೋಲಿಸಿದರೆ ಎಕ್ಸೆಲ್ ಅಕ್ಷರವೇ ದೊಡ್ಡದು ಅನ್ನುತ್ತದೆ. ಅಂದರೆ F2<TODAY() ಎಂದಿಗೂ ನಿಜವಾಗದು, ಆ ಕೆಲಸ ಎಷ್ಟು ತಿಂಗಳಾದರೂ ‘ತಡ’ ಪಟ್ಟಿಗೆ ಬರುವುದೇ ಇಲ್ಲ. ದಿನಾಂಕವೇ ಹಾಕದ ಖಾಲಿ ಸೆಲ್ ಸೊನ್ನೆ ಅಂತ ಲೆಕ್ಕವಾಗಿ ನಲವತ್ತು ಸಾವಿರ ಚಿಲ್ಲರೆ ದಿನ ತಡ ತೋರಿಸುತ್ತದೆ. ಗಡುವು F ಕಾಲಂನಲ್ಲಿ, ಸ್ಥಿತಿ G ಕಾಲಂನಲ್ಲಿ ಇದ್ದರೆ ಇದನ್ನು ಹಾಕಿ:

```
=IF(OR(G2="ಮುಗಿದಿದೆ",G2="ರದ್ದು"),"",IF(ISNUMBER(F2),MAX(0,TODAY()-F2),"ದಿನಾಂಕ ಸರಿಯಿಲ್ಲ"))
```

ಮೊದಲು ಕೊಟ್ಟ ಗಡುವನ್ನು E ಕಾಲಂನಲ್ಲಿ ಹಾಗೇ ಬಿಡಿ, ಬದಲಾವಣೆ F ನಲ್ಲಿ ಮಾತ್ರ. ಹಳೆಯದನ್ನು ಅಳಿಸಿ ಹೊಸದು ಬರೆಯುವ ಲಾಗ್‌ನಲ್ಲಿ ಯಾವ ಕೆಲಸವೂ ತಡವಾಗಿರುವುದಿಲ್ಲ, ಯಾವುದೂ ಮುಗಿದೂ ಇರುವುದಿಲ್ಲ.

ಸೋಮವಾರದ ಮೊದಲ ಎಂಟು ನಿಮಿಷದಲ್ಲಿ ಇಡೀ ಪಟ್ಟಿ ಓದಬೇಡಿ, ತಡವಾದ ಸಾಲುಗಳನ್ನು ಮಾತ್ರ ಓದಿ. ಮೊದಲ ಸಲ ತಪ್ಪಿದರೆ ಹೊಸ ದಿನಾಂಕ ಕೇಳಿ ಮುಂದೆ ಹೋಗಿ, ವಿಚಾರಣೆ ಬೇಡ. ಎರಡನೇ ಸಲ ತಪ್ಪಿದರೆ ಬರೀ ದಿನಾಂಕ ಬದಲಿಸಬೇಡಿ, ಯಾಕೆಂದರೆ ಕೆಲಸ ದೊಡ್ಡದಾಗಿರಬಹುದು ಅಥವಾ ಅವರ ಕೈಯಲ್ಲಿಲ್ಲದ ಯಾವುದೋ ಒಪ್ಪಿಗೆ ಬೇಕಾಗಿರಬಹುದು. ಬೇರಿಂಗ್ ಬದಲಿಸುವ ಕೆಲಸ ಎರಡು ಸಲ ಮುಂದೆ ಹೋಗಿದೆ ಅಂದರೆ ಸಾಮಾನ್ಯವಾಗಿ ಮೇಂಟೆನೆನ್ಸ್‌ನವರ ಸೋಮಾರಿತನವಲ್ಲ, ಪ್ರೊಡಕ್ಷನ್‌ನವರು ಮಷಿನ್ ಬಿಟ್ಟುಕೊಡುತ್ತಿಲ್ಲ. ಆಗ ಹಳೆಯ ಸಾಲು ಹಾಗೇ ಇರಲಿ, ‘ಶನಿವಾರ ಎರಡನೇ ಶಿಫ್ಟ್‌ಗೆ ನಾಲ್ಕನೇ ಸಿಎನ್‌ಸಿ ನಿಲ್ಲಿಸಿ ಕೊಡುವುದು’ ಅಂತ ಹೊಸ ಸಾಲು ಪ್ರೊಡಕ್ಷನ್ ಮ್ಯಾನೇಜರ್ ಹೆಸರಿಗೆ ಹೋಗಬೇಕು. ಮೂರನೇ ಸಲಕ್ಕೆ ಬಂದರೆ ಪ್ಲಾಂಟ್ ಹೆಡ್ ಎದುರು ಒಂದೇ ಪ್ರಶ್ನೆ: ಇದು ನಿಜವಾಗಿ ಬೇಕಾ? ಬೇಡವಾದರೆ ‘ರದ್ದು’ ಅಂತ ಕಾರಣ ಬರೆದು ತೆಗೆಯಿರಿ.

ಕೊನೆಯ ನಾಲ್ಕು ನಿಮಿಷದಲ್ಲಿ ಹೊಸ ಸಾಲುಗಳನ್ನು ಆಯಾ ಕೆಲಸದವರೇ ಓದಿ ಹೇಳಲಿ: ನನ್ನ ಕೆಲಸ, ಏನು ಕೊಡ್ತೀನಿ, ಯಾವತ್ತು. ಬರೆದುಕೊಂಡವರು ಓದಿದರೆ ಎಲ್ಲರೂ ತಲೆಯಾಡಿಸುತ್ತಾರೆ. ತಾವೇ ಓದುವಾಗ ಮಾತ್ರ ‘ಗುರುವಾರ ನಾನು ರಜೆ’ ಅನ್ನುವುದು ನೆನಪಾಗುತ್ತದೆ.