ಕೊಬ್ಬರಿ ಪುಸ್ತಕ: ಒಂದು ವರ್ಷದ ರಜೆ ಅರ್ಜಿ ಎಲ್ಲಿಗೆ ಬಂತು

ತಿಪಟೂರಿನ ಉಂಡೆ ಕೊಬ್ಬರಿ ಬಗ್ಗೆ ಬರೆಯುತ್ತಿರುವ ಪುಸ್ತಕದಲ್ಲಿ ಈ ತಿಂಗಳು ಒಂದು ಪುಟವೂ ಮುಂದೆ ಹೋಗಿಲ್ಲ. ಬರೆದದ್ದೆಲ್ಲಾ ಆಫೀಸಿನ ಮೇಲ್, ಪುಸ್ತಕಕ್ಕಾಗಿ ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಿ. ಪುಸ್ತಕ ಮುಗಿಯಬೇಕಾದರೆ ಮೊದಲು ಇದು ಮುಗಿಯಬೇಕು, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮ್ಯಾನೇಜರ್ ಮೊದಲು ಕೇಳಿದ್ದು, "ಮೂರು ತಿಂಗಳು ಸಾಲಲ್ವಾ?" ಅಂತ. ಉತ್ತರ ಸುಲಭ ಇತ್ತು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಪೂರ್ತಿ ಇಂಗಿ ಉಂಡೆ ಅಲುಗಾಡೋ ಹೊತ್ತಿಗೆ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷವೇ ಬೇಕು. ಆಮೇಲೆ ಸುಲಿಯೋದು, ಒಡೆಯೋದು, ಹರಾಜು. ಒಂದೇ ಮನೆಯ ಒಂದೇ ರಾಶಿಯನ್ನು ಅಟ್ಟದಿಂದ ಮಾರುಕಟ್ಟೆವರೆಗೆ ಹಿಂಬಾಲಿಸೋದು ಪುಸ್ತಕದ ಉದ್ದೇಶ, ಹಾಗಾಗಿ ಅವಧಿ ಎಷ್ಟು ಅಂತ ತೀರ್ಮಾನಿಸೋದು ಕಾಯಿ. ಇದನ್ನು ಅವರು ತಕ್ಷಣ ಒಪ್ಪಿದರು. "ಬರವಣಿಗೆ ನನ್ನ ಕನಸು" ಅಂತೆಲ್ಲಾ ಹೇಳಿದ್ದರೆ ಮೂರು ತಿಂಗಳಿಗೇ ನಿಲ್ಲುತ್ತಿತ್ತು ಅನ್ನಿಸುತ್ತೆ.

ಅವರ ನಿಜವಾದ ತಲೆನೋವು ಬೇರೆ. ನಾನು ಸಂಬಳವಿಲ್ಲದ ರಜೆಯಲ್ಲಿದ್ದರೆ ಸಂಬಳ ಉಳಿಯುತ್ತೆ, ಆದರೆ ಟೀಮಿನ ಲೆಕ್ಕದಲ್ಲಿ ನನ್ನ ಸೀಟು ಭರ್ತಿ ಅಂತಲೇ ತೋರಿಸುತ್ತೆ. ಬದಲಿ ಜನ ಕೇಳಿದರೆ ಮೇಲಿನವರು "ನಿಮ್ಮಲ್ಲಿ ಖಾಲಿ ಎಲ್ಲಿದೆ" ಅಂತಾರೆ. ಸೀಟು ಬಿಟ್ಟುಕೊಟ್ಟರೆ ನಾನು ವಾಪಸ್ ಬಂದಾಗ ಕೂರಿಸೋಕೆ ಜಾಗ ಇರಲ್ಲ. ಅಂದರೆ ರಜೆ ನನಗೆ, ಒಂದು ವರ್ಷ ಒಬ್ಬರು ಕಮ್ಮಿ ಇರುವ ಕಷ್ಟ ಅವರಿಗೆ. ಪ್ರಸ್ತಾವ ಇದಕ್ಕೆ ಉತ್ತರ ಕೊಡದಿದ್ದರೆ ಉಳಿದದ್ದೆಲ್ಲಾ ಸುಮ್ನೆ.

ಹಾಗಾಗಿ ನಾನು ಬರೆದದ್ದು ಹೀಗೆ. ವಾಪಸ್ ಬಂದಾಗ ಇದೇ ಟೀಮ್, ಇದೇ ಕೆಲಸ ಬೇಕು ಅಂತ ಕೇಳಲ್ಲ. ಇದೇ ಗ್ರೇಡು, ಹೊರಡುವ ದಿನದ ಸಂಬಳ, ಬೆಂಗಳೂರಿನ ಯಾವುದಾದರೂ ಟೀಮ್ ಸಾಕು. ಆ ವರ್ಷದ ಇನ್‌ಕ್ರಿಮೆಂಟ್, ಬೋನಸ್ ಬೇಡ. ಪಕ್ಕದ ಟೀಮಿನಲ್ಲಿ ಈ ಕೆಲಸ ಕಲಿಯಬೇಕು ಅಂತಿರುವ ಹುಡುಗಿ ಒಬ್ಬಳಿದ್ದಾಳೆ, ಅವಳನ್ನು ವರ್ಷದ ಮಟ್ಟಿಗೆ ಇಲ್ಲಿಗೆ ಕೊಡಬಹುದಾ ಅಂತ ಅವಳ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿ, ಅದನ್ನೂ ಸೇರಿಸಿದೆ. ಜೊತೆಗೆ ಒಂದು ಗಡುವು: ಒಂಬತ್ತನೇ ತಿಂಗಳ ಕೊನೆಗೆ ಬರ್ತೀನೋ ಇಲ್ವೋ ಅಂತ ನಾನು ಬರೆದು ತಿಳಿಸಬೇಕು, ತಿಳಿಸದಿದ್ದರೆ ಸೀಟು ಬೇರೆಯವರಿಗೆ ಕೊಡಬಹುದು. ಮ್ಯಾನೇಜರಿಗೆ ತುಂಬಾ ಹಿಡಿಸಿದ್ದು ಇದೇ. ಖಾಲಿ ಜಾಗಕ್ಕೆ ಜನ ಹುಡುಕೋಕೆ ಅವರಿಗೆ ಮೂರು ತಿಂಗಳು ಸಿಗುತ್ತಲ್ಲ.

"ನಾನಿರ್ತೀನಿ, ಬನ್ನಿ ನೋಡ್ಕೊಳ್ತೀನಿ" ಅಂದರು. ಒಳ್ಳೆಯ ಮನುಷ್ಯ, ಆದರೆ ವರ್ಷದಲ್ಲಿ ಅವರೇ ಕಂಪನಿ ಬಿಡಬಹುದು, ಟೀಮೇ ಇಲ್ಲದಂತಾಗಬಹುದು. ಅದಕ್ಕೆ ಮಾತಿನಲ್ಲಿ ಆದದ್ದನ್ನೆಲ್ಲಾ ಎಚ್‌ಆರ್ ಪತ್ರದಲ್ಲಿ ಕೇಳಿದ್ದೇನೆ.

ರಾಜೀನಾಮೆ ಕೊಟ್ಟು ಮತ್ತೆ ಸೇರಬಹುದಲ್ಲ ಅಂತ ಎಚ್‌ಆರ್‌ನವರು ಹೇಳಿದರು. ಬೇಡ ಅಂದೆ. ನನಗೆ ಇಲ್ಲಿ ನಾಲ್ಕು ವರ್ಷ ಚಿಲ್ಲರೆ ಆಗಿದೆ, ಗ್ರಾಚ್ಯುಟಿಗೆ 5 ವರ್ಷ ಬೇಕು. ರಾಜೀನಾಮೆ ಕೊಟ್ಟರೆ ಲೆಕ್ಕ ಮೊದಲಿಂದ ಶುರು. ಮಂಜೂರಾದ ರಜೆಯಿಂದ ಸರ್ವಿಸ್ ಕಡಿಯಲ್ಲ, ಆದರೆ "ಸರ್ವಿಸ್ ಮುಂದುವರಿಯುತ್ತದೆ" ಅನ್ನೋ ಸಾಲು ಪತ್ರದಲ್ಲೇ ಇರಲಿ. ಪಿಎಫ್‌ಗೆ ಸಂಬಳವಿಲ್ಲದ ತಿಂಗಳು ದುಡ್ಡು ಬೀಳಲ್ಲ, ಇರುವುದಕ್ಕೆ ಬಡ್ಡಿ ಬರುತ್ತೆ, ಅಷ್ಟು ಸಾಕು.

ಜಾಸ್ತಿ ಚಿಂತೆ ಇರೋದು ಇನ್ಶೂರೆನ್ಸ್‌ದು. ಅಪ್ಪನ ಸಕ್ಕರೆ ಕಾಯಿಲೆ ಕಂಪನಿಯ ಪಾಲಿಸಿಯಲ್ಲೇ ನಡೆಯುತ್ತಿದೆ. ಅದು ನಿಂತು ಹೊಸ ಪಾಲಿಸಿ ತೆಗೆದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಪ್ರೀಮಿಯಂ ನಾನೇ ಕಟ್ತೀನಿ, ಹೆಸರು ತೆಗೀಬೇಡಿ ಅಂತ ಕೇಳಿದ್ದೇನೆ.

ಇನ್ನೊಂದು, ನೇಮಕಾತಿ ಪತ್ರದ ಒಂದು ಸಾಲು. 1957ರ ಕಾಪಿರೈಟ್ ಕಾಯ್ದೆಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸವಾಗಿ ಬರೆದದ್ದು ಮಾಲೀಕರದ್ದು. ಕೊಬ್ಬರಿ ಅದರಲ್ಲಿ ಬರಲ್ಲ. ಆದರೆ ನನ್ನ ಪತ್ರದಲ್ಲಿ "ನೌಕರಿಯ ಅವಧಿಯಲ್ಲಿ ಸೃಷ್ಟಿಸಿದ ಎಲ್ಲವೂ" ಅಂತಿದೆ, ರಜೆಯಲ್ಲಿದ್ದರೂ ನಾನು ನೌಕರನೇ ಅಲ್ವಾ. ಪುಸ್ತಕದ ಹಕ್ಕು, ಬರುವ ರಾಯಧನ ನನ್ನದು, ಕಂಪನಿಯ ಲ್ಯಾಪ್‌ಟಾಪ್ ಬಳಸುವುದಿಲ್ಲ ಅಂತ ಬರೆದು ಕೊಟ್ಟಿದ್ದೇನೆ.

ಈಗಿನ ಸ್ಥಿತಿ: ಗ್ರೇಡು, ಸಂಬಳ, ಒಂಬತ್ತನೇ ತಿಂಗಳ ಗಡುವು ಮೂರಕ್ಕೂ ಒಪ್ಪಿಗೆ ಸಿಕ್ಕಿದೆ. ಪುಸ್ತಕದ ಹಕ್ಕಿನ ಸಾಲು ಲೀಗಲ್‌ನವರ ಹತ್ತಿರ ಇದೆ. ಇನ್ಶೂರೆನ್ಸ್ ಉತ್ತರ ಬಂದಿಲ್ಲ, ಅದು ಬರುವವರೆಗೆ ಸಹಿ ಹಾಕಲ್ಲ. ಪಕ್ಕದ ಟೀಮಿನ ಹುಡುಗಿಗೆ ಸೋಮವಾರದಿಂದ ಕೆಲಸ ಹೇಳಿಕೊಡೋಕೆ ಶುರು ಮಾಡ್ತೀನಿ.