ಸ್ಟಾಕ್ ಇಲ್ಲದೆ ಹೋದ ವ್ಯಾಪಾರ: ಐದಾ, ನಲವತ್ತೆರಡಾ?

"ಸಾರ್, ಸ್ಟಾಕ್ ಖಾಲಿಯಾಗಿ ನಮ್ಮ ವ್ಯಾಪಾರ ಎಷ್ಟು ಹೋಯ್ತು ಅಂತ ಆರ್ಡರ್ ಲಿಸ್ಟ್ ನೋಡಿಯೇ ಹೇಳೋಕಾಗುತ್ತಾ? ಬಾರದೇ ಇರೋ ಆರ್ಡರ್ ಎಣಿಸೋದು ಹೇಗೆ?"

ಸುಮಾರಾಗಿ ಹೇಳಬಹುದು. ಆದರೆ ಕ್ಯಾನ್ಸಲ್ ಆದ ಆರ್ಡರ್‌ಗಳಿಂದ ಲೆಕ್ಕ ಶುರು ಮಾಡಬಾರದು. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ.

ಆನ್‌ಲೈನ್‌ನಲ್ಲಿ ಪಾತ್ರೆ ಮಾರುವ ಒಬ್ಬರಿಗೆ ನಾನು ಮಾಡಿಕೊಟ್ಟ ಲೆಕ್ಕ ಹೇಳುತ್ತೇನೆ. ನಾಲ್ಕು ತಟ್ಟೆಯ ಸ್ಟೀಲ್ ಇಡ್ಲಿ ಪಾತ್ರೆ, ಬೆಲೆ 850 ರೂಪಾಯಿ. ಒಂದು ತಿಂಗಳಲ್ಲಿ ಅದು ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಖಾಲಿಯಾಯಿತು. ಮತ್ತೆ ಬಂದದ್ದು ಮುಂದಿನ ವಾರ ಕಳೆದು ಭಾನುವಾರ ಸಂಜೆ ನಾಲ್ಕಕ್ಕೆ. ನಡುವೆ ಪೂರ್ತಿ ಎಂಟು ದಿನ ಒಂದೂ ಇಲ್ಲ. ಅವರ ರಿಪೋರ್ಟಿನಲ್ಲಿ "ಸ್ಟಾಕ್ ಇಲ್ಲ" ಅನ್ನುವ ಕಾರಣಕ್ಕೆ ಕ್ಯಾನ್ಸಲ್ ಆದದ್ದು ಐದು ಆರ್ಡರ್. "ಐದೇ ಅಲ್ವಾ, ಹೋಗಲಿ ಬಿಡಿ" ಅಂದರು.

ಮೊದಲ ತಾಪತ್ರಯ ಏನೆಂದರೆ, ಯಾವ ದಿನ ಸ್ಟಾಕ್ ಇರಲಿಲ್ಲ ಅನ್ನುವುದೇ ಡೇಟಾದಲ್ಲಿ ಇರುವುದಿಲ್ಲ. ಬಹಳ ಸಾಫ್ಟ್‌ವೇರ್‌ಗಳು ಈ ಹೊತ್ತಿನ ಸ್ಟಾಕ್ ಮಾತ್ರ ತೋರಿಸುತ್ತವೆ. ನಿನ್ನೆಯದರ ಮೇಲೆ ಇವತ್ತಿನದನ್ನು ಬರೆದುಬಿಡುತ್ತವೆ. ಹಾಗಾಗಿ ಹಿಂದಕ್ಕೆ ಲೆಕ್ಕ ಹಾಕಬೇಕು. ಇವತ್ತಿನ ಸ್ಟಾಕ್ ತಗೊಂಡು, ಡಿಸ್ಪ್ಯಾಚ್ ಆದದ್ದನ್ನು ಕೂಡಿಸುತ್ತಾ, ಖರೀದಿಯಾಗಿ ಬಂದದ್ದನ್ನು ಮತ್ತು ಗಿರಾಕಿಗಳು ವಾಪಸ್ ಕಳಿಸಿದ್ದನ್ನು ಕಳೆಯುತ್ತಾ ಒಂದೊಂದೇ ದಿನ ಹಿಂದೆ ಹೋಗುವುದು. ಬೇಸರದ ಕೆಲಸ, ಆದರೆ ಆಗುತ್ತದೆ. ಒಂದು ಮೋಸ ಮಾತ್ರ ನೆನಪಿರಲಿ. ನಮ್ಮ ಲೆಕ್ಕದಲ್ಲಿ ಎರಡು ಪಾತ್ರೆ ಇದ್ದಂತೆ ತೋರಿಸುತ್ತಿತ್ತು. ಗೋದಾಮಿನಲ್ಲಿ ನೋಡಿದರೆ ಎರಡೂ ತಗ್ಗು ಬಿದ್ದ ಪೀಸು. ದಿನಕ್ಕೆ ಏಳು ಹೋಗುವ ಸಾಮಾನು ಎರಡು ದಿನ ಸೊನ್ನೆ ತೋರಿಸಿದರೆ, ಪುಸ್ತಕದಲ್ಲಿ ಏನೇ ಇರಲಿ, ಕಪಾಟಿನಲ್ಲಿ ಇಲ್ಲ ಅಂತಲೇ ಅನುಮಾನ ಪಡಿ.

ಇನ್ನು ಬೇಡಿಕೆ. ಸ್ಟಾಕ್ ಇದ್ದ ದಿನಗಳನ್ನು ಮಾತ್ರ ತೆಗೆದುಕೊಂಡೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 7, ಶನಿವಾರ ಭಾನುವಾರ 11. ಖಾಲಿ ಇದ್ದ ಎಂಟು ದಿನದಲ್ಲಿ ಐದು ವಾರದ ದಿನ, ಮೂರು ವಾರಾಂತ್ಯದ ದಿನ. ಅಂದರೆ 35 ಮತ್ತು 33, ಒಟ್ಟು 68. ಶುಕ್ರವಾರ ಮತ್ತು ಭಾನುವಾರ ಅರ್ಧಂಬರ್ಧ ದಿನಗಳು. ಈ ಅಂಗಡಿಗೆ ನೂರರಲ್ಲಿ ಅರವತ್ತು ಆರ್ಡರ್ ಮಧ್ಯಾಹ್ನ ಎರಡರ ನಂತರ ಬರುತ್ತವೆ, ಹಾಗಾಗಿ ಶುಕ್ರವಾರ ಸುಮಾರು 4 ಕೈತಪ್ಪಿದವು. ಭಾನುವಾರ ಅರ್ಧದಷ್ಟು ನಾಲ್ಕು ಗಂಟೆಯೊಳಗೇ ಬರುತ್ತವೆ, ಅಲ್ಲಿ ಐದೋ ಆರೋ. ಎಲ್ಲ ಸೇರಿ 78 ಪಾತ್ರೆಗೆ ಗಿರಾಕಿ ಇದ್ದರು ಅಂದುಕೊಳ್ಳೋಣ.

ಇಲ್ಲಿ ಆರ್ಡರ್ ಬಂದ ತಾರೀಖನ್ನೇ ನೋಡಬೇಕು, ಬಿಲ್ ಆದ ತಾರೀಖನ್ನಲ್ಲ. ಇವರು ಆ ದಿನಗಳಲ್ಲೂ "ಈಗ ಆರ್ಡರ್ ಮಾಡಿ, ಹತ್ತು ದಿನದಲ್ಲಿ ಕಳಿಸುತ್ತೇವೆ" ಅಂತ ಬ್ಯಾಕ್‌ಆರ್ಡರ್ ತೆಗೆದುಕೊಂಡಿದ್ದರು. ಹಾಗೆ ಬಂದದ್ದು 22. ಅವುಗಳಲ್ಲಿ 13 ಸ್ಟಾಕ್ ಬಂದ ಮೇಲೆ ಹೋದವು, ಬಿಲ್ ಆದದ್ದೂ ಆಗಲೇ. ಬಿಲ್ ತಾರೀಖು ಹಿಡಿದರೆ ಖಾಲಿ ದಿನಗಳ ಬೇಡಿಕೆ ಮುಂದಿನ ವಾರಕ್ಕೆ ಜಾರಿಬಿಡುತ್ತದೆ. ಈ 13 ನಷ್ಟ ಅಲ್ಲ, ತಡ ಅಷ್ಟೇ. ಉಳಿದದ್ದು 65.

ಬಾಕಿ 9 ಬ್ಯಾಕ್‌ಆರ್ಡರ್ ಕ್ಯಾನ್ಸಲ್ ಆದವು. ರಿಪೋರ್ಟಿನಲ್ಲಿ ಐದೇ ಇತ್ತಲ್ಲ, ಇನ್ನು ನಾಲ್ಕು ಎಲ್ಲಿ ಹೋದವು? "ಗಿರಾಕಿ ಬೇಡ ಅಂದರು" ಅನ್ನುವ ಕಾರಣದ ಕೆಳಗೆ ಕೂತಿದ್ದವು. ಮಾಮೂಲಿಯಾಗಿ ಗಿರಾಕಿ ಮನಸ್ಸು ಬದಲಿಸಿದರೆ ಆರ್ಡರ್ ಆದ ಒಂದೆರಡು ಗಂಟೆಯಲ್ಲೇ ಕ್ಯಾನ್ಸಲ್ ಮಾಡುತ್ತಾರೆ, ಅವರದೇ ಲಾಗಿನ್‌ನಿಂದ. ಈ ನಾಲ್ಕು ಮಾತ್ರ ಒಂದೇ ಬೆಳಿಗ್ಗೆ, ಹತ್ತು ನಿಮಿಷದೊಳಗೆ, ಆಫೀಸಿನ ಲಾಗಿನ್‌ನಿಂದ ಆಗಿದ್ದವು. ಹುಡುಗನನ್ನು ಬೈಯಬೇಡಿ ಅಂದೆ. ಸ್ಟಾಕ್ ಇಲ್ಲ ಅಂತ ಒತ್ತಿದರೆ ಸೆಲ್ಲರ್ ರೇಟಿಂಗ್ ಇಳಿಯುತ್ತದೆ ಅನ್ನುವ ಭಯ ಅವನಿಗೆ. ಕಾರಣದ ಕಾಲಂ ನಂಬುವುದಕ್ಕಿಂತ, ಯಾರು, ಯಾವಾಗ ಒತ್ತಿದರು ಅಂತ ನೋಡುವುದೇ ವಾಸಿ.

ಆದರೆ ಈ 9ನ್ನು 65ಕ್ಕೆ ಕೂಡಿಸಬೇಡಿ! ಅವು ಆಗಲೇ 65ರ ಒಳಗೇ ಇವೆ. ದಿನಕ್ಕೆ ಏಳು, ಹನ್ನೊಂದು ಗಿರಾಕಿ ಅಂತ ಎಣಿಸಿದಾಗ ಇವರೂ ಅದರಲ್ಲೇ ಬಂದರು. ಈ ಡಬಲ್ ಎಣಿಕೆಯನ್ನು ನಾನು ಬೇರೆ ಯಾವ ತಪ್ಪಿಗಿಂತಲೂ ಜಾಸ್ತಿ ನೋಡಿದ್ದೇನೆ.

ಮುಂದಿನದು ಕಳೆಯುವ ಕೆಲಸ. ನಾಲ್ಕು ತಟ್ಟೆಯದು ಸಿಗದವರಲ್ಲಿ ಕೆಲವರು ಆರು ತಟ್ಟೆಯದು ಕೊಂಡರು. ಆ ಎಂಟು ದಿನದಲ್ಲಿ ಅದು ಮಾಮೂಲಿಗಿಂತ 8 ಜಾಸ್ತಿ ಹೋಗಿತ್ತು. ಇನ್ನು ಕೆಲವರು ಕಾದರು. ಸ್ಟಾಕ್ ಬಂದ ಮೇಲಿನ ನಾಲ್ಕು ದಿನದಲ್ಲಿ 28 ಹೋಗಬೇಕಿತ್ತು, 37 ಹೋಯಿತು. ಅಂದರೆ 9 ಜನ ತಿರುಗಿ ಬಂದರು. 65ರಲ್ಲಿ ಈ ಹದಿನೇಳನ್ನು ಕಳೆದರೆ 48. (ಈ ನಾಲ್ಕು ದಿನಗಳನ್ನು ದಿನದ ಸರಾಸರಿ ತೆಗೆಯುವಾಗ ನಾನು ಸೇರಿಸಿರಲಿಲ್ಲ. ಸೇರಿಸಿದರೆ ಸರಾಸರಿ ಸುಮ್ನೆ ಉಬ್ಬುತ್ತದೆ.)

ಆರ್ಡರ್ ಎಲ್ಲವೂ ವ್ಯಾಪಾರ ಆಗುವುದಿಲ್ಲವಲ್ಲ. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲವರೆಗೆ ಹೋಗಿ ವಾಪಸ್ ಬರುವವು, ರಿಟರ್ನ್ ಆಗುವವು ಸೇರಿ ಇವರಿಗೆ ನೂರಕ್ಕೆ 12. ಅದನ್ನೂ ತೆಗೆದರೆ 42. ಬೆಲೆಯ ಲೆಕ್ಕದಲ್ಲಿ 35,700 ರೂಪಾಯಿ. ಆದರೆ ಕೈತಪ್ಪಿದ ಹಣ ಅದಲ್ಲ. ಪೀಸಿಗೆ ಉಳಿಯುತ್ತಿದ್ದದ್ದು 170 ರೂಪಾಯಿ, ಹಾಗಾಗಿ 7,140. ಎರಡನ್ನೂ ಹೇಳಿ, ಎರಡನೆಯದನ್ನೇ ಜೋರಾಗಿ ಹೇಳಿ.

42 ಅನ್ನುವುದು ಕಲ್ಲಿನ ಮೇಲೆ ಕೊರೆದ ಸಂಖ್ಯೆ ಅಲ್ಲ. ಅವರಿಗೆ ನಾನು ಹೇಳಿದ್ದು "35ರಿಂದ 50ರ ನಡುವೆ" ಅಂತ. ತಪ್ಪು ಎರಡು ಕಡೆಗೂ ಆಗಬಹುದು. ಹಬ್ಬಕ್ಕೆ ಮುಂಚೆ ಬೇಡಿಕೆ ಏರಿದ್ದರಿಂದಲೇ ಸ್ಟಾಕ್ ಖಾಲಿಯಾಗಿದ್ದರೆ, ಮಾಮೂಲಿ ದಿನಗಳ ಸರಾಸರಿ ನಷ್ಟವನ್ನು ಕಮ್ಮಿ ತೋರಿಸುತ್ತದೆ. ಸ್ಟಾಕ್ ಇಲ್ಲ ಅಂತ ಆ ವಾರ ಜಾಹೀರಾತು ನಿಲ್ಲಿಸಿದ್ದರೆ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಅಷ್ಟು ಜನ ಅಂಗಡಿಗೆ ಬಂದೇ ಇರುವುದಿಲ್ಲ.

ನಿಮ್ಮ ಲೆಕ್ಕ ಎಷ್ಟು ನಂಬಬಹುದು ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಸ್ಟಾಕ್ ಚೆನ್ನಾಗಿ ಇದ್ದ ಎಂಟು ದಿನ ಆರಿಸಿ. ಆ ದಿನಗಳ ಮಾರಾಟವನ್ನು ಮುಚ್ಚಿಡಿ, ಖಾಲಿ ಇತ್ತು ಅಂತ ನಟಿಸಿ. ಸುತ್ತಲಿನ ದಿನಗಳಿಂದ ಅಂದಾಜು ಮಾಡಿ, ಆಮೇಲೆ ತೆರೆದು ನೋಡಿ. ಇಡ್ಲಿ ಪಾತ್ರೆಗೆ ಹೀಗೆ ಮೂರು ಸಲ ಮಾಡಿದೆ. ಅಂದಾಜು ಏಳೆಂಟು ಪೀಸು ಆಚೀಚೆ ಬಂತು. 35ರಿಂದ 50 ಅನ್ನುವ ಅಗಲ ಬಂದದ್ದು ಅಲ್ಲಿಂದಲೇ.

ಅವರ ಅಂಗಡಿಯಲ್ಲಿ ಮುನ್ನೂರಕ್ಕೂ ಜಾಸ್ತಿ ಸಾಮಾನು ಇವೆ. ಈ ಲೆಕ್ಕ ಮಾಡಿದ್ದು ನಲವತ್ತಕ್ಕೆ ಮಾತ್ರ. ವಾರಕ್ಕೆ ಒಂದು ಹೋಗುವ ಹಿತ್ತಾಳೆ ಒರಳು ಎಂಟು ದಿನ ಹೋಗದಿದ್ದರೆ, ಅದು ಸ್ಟಾಕ್ ಇಲ್ಲದ್ದಕ್ಕಾ, ಕೇಳುವವರು ಇಲ್ಲದ್ದಕ್ಕಾ ಅಂತ ಯಾವ ಡೇಟಾವೂ ಹೇಳಲಾರದು.