ಏಳರ ಪಾಲಿಗೆ ಬಂದದ್ದು ಒಂದೇ ಸಂಖ್ಯೆ

“ಮಾವ, ಒಂದೇ ಒಂದು ಸಂಖ್ಯೆ ಹೊಡೆಯೋದಕ್ಕೆ ಏಳರ ಮಗ್ಗಿ ಪೂರ್ತಿ ಹೇಳಬೇಕಾ?” ಆರನೇ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳು ಈ ವಾರ ಕೇಳಿದ ಈ ಪ್ರಶ್ನೆ ಇನ್ನೂ ನನ್ನ ತಲೆಯಲ್ಲೇ ಸುತ್ತುತ್ತಿದೆ. ಐವತ್ತರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಎರಾಟೋಸ್ತನೀಸನ ಜರಡಿಯಿಂದ, ಅಂದರೆ ಒಂದೊಂದು ಅವಿಭಾಜ್ಯದ ಮಗ್ಗಿಯಲ್ಲಿ ಮುಂದೆ ಬರುವ ಸಂಖ್ಯೆಗಳನ್ನೆಲ್ಲ ಹೊಡೆದುಹಾಕುತ್ತಾ, ಹುಡುಕಿ ಬರೆಯಬೇಕೆಂಬುದು ಅವಳ ಮನೆಗೆಲಸವಾಗಿತ್ತು. ಟ್ಯೂಷನ್ನಿನವರು ಉತ್ತರದ ಹದಿನೈದು ಸಂಖ್ಯೆಗಳನ್ನು ಮೊದಲೇ ಬಾಯಿಪಾಠ ಮಾಡಿಸಿಬಿಟ್ಟಿದ್ದರು. ಉತ್ತರ ಗೊತ್ತಿರುವವರಿಗೆ ಜರಡಿ ಏಕೆ ಬೇಕು ಎಂದು ಅವರನ್ನು ಕೇಳಬೇಕೆನಿಸಿತಾದರೂ, ಆ ಬಾಯಿಪಾಠವೇ ಅಂದು ಒಂದು ತಪ್ಪನ್ನು ಹಿಡಿದುಕೊಟ್ಟಿತು.

ಅವಳು ಒಂದರಿಂದ ಐವತ್ತರವರೆಗೆ ಬರೆದು, ಅವಿಭಾಜ್ಯವೂ ಭಾಜ್ಯವೂ ಅಲ್ಲದ 1ನ್ನು ಹೊಡೆದಳು. 2ಕ್ಕೆ ಸುತ್ತು ಹಾಕಿ, 4ರಿಂದ 50ರವರೆಗಿನ ಅದರ ಇಪ್ಪತ್ತನಾಲ್ಕು ಅಪವರ್ತ್ಯಗಳನ್ನು ತೆಗೆದಳು. ಬಳಿಕ 3ಕ್ಕೆ ಸುತ್ತು ಹಾಕಿ, ಪ್ರತಿ ಮೂರನೆಯದನ್ನು ಹೊಡೆಯುತ್ತಾ ಹೋದಳು. ಆದರೆ ಉಳಿದಿದ್ದ ಸಂಖ್ಯೆಗಳನ್ನು ಮಾತ್ರ ಎಣಿಸುತ್ತಿದ್ದಳು. 5 ಮತ್ತು 7ನ್ನು ದಾಟಿ 9, 11 ಮತ್ತು 13ನ್ನು ದಾಟಿ 15. ಎಲ್ಲವೂ ಸರಿಯಾಗಿಯೇ ಬಂತು, ಏಕೆಂದರೆ ಬೆಸ ಸಂಖ್ಯೆಗಳ ಸಾಲಿನಲ್ಲಿ ಮೂರರ ಅಪವರ್ತ್ಯಗಳು ಮೂರಕ್ಕೊಂದರಂತೆಯೇ ಕೂತಿರುತ್ತವೆ. ಹೀಗೆ 9, 15, 21, 27, 33, 39, 45 ಹೋದವು. ಅದೇ ಲೆಕ್ಕವನ್ನು 5ಕ್ಕೂ ಹಿಡಿದು, ಉಳಿದ 7, 11, 13, 17ನ್ನು ದಾಟಿ ಐದನೆಯದಕ್ಕೆ ಪೆನ್ಸಿಲ್ ಎಳೆದಾಗ ಹೊಡೆದುಹೋದದ್ದು 19. “ಹತ್ತೊಂಬತ್ತು ನನ್ನ ಲಿಸ್ಟಲ್ಲಿದೆಯಲ್ಲ!” ಎಂದು ಅವಳೇ ಬೆಚ್ಚಿದಳು.

ಈ ತಪ್ಪಿನ ಸ್ವಾರಸ್ಯವೆಂದರೆ, ಇದು ಮೂರರಲ್ಲಿ ಅಡಗಿದ್ದು ಐದರಲ್ಲಿ ಹೊರಬೀಳುತ್ತದೆ. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ವಿದ್ವಾಂಸ ಎರಾಟೋಸ್ತನೀಸನ ಹೆಸರಿನ ಈ ವಿಧಾನವನ್ನು ಮುಂದೆ ನಿಕೋಮಾಕಸ್ ತನ್ನ ಅಂಕಗಣಿತದ ಗ್ರಂಥದಲ್ಲಿ ವಿವರಿಸಿದಾಗ, ಸಾಲನ್ನು 3ರಿಂದ ಆರಂಭಿಸಿ ಬೆಸ ಸಂಖ್ಯೆಗಳನ್ನಷ್ಟೇ ಬರೆದುಕೊಂಡ: 3ಕ್ಕಾದರೆ ಎರಡನ್ನು ಬಿಟ್ಟು ಮುಂದಿನದು, 5ಕ್ಕಾದರೆ ನಾಲ್ಕನ್ನು ಬಿಟ್ಟು ಮುಂದಿನದು. ಹುಡುಗಿ ಮಾಡಿದ್ದೂ ಬಹುತೇಕ ಇದನ್ನೇ. ವ್ಯತ್ಯಾಸವಿಷ್ಟೇ: ಅವನ ಎಣಿಕೆಯಲ್ಲಿ ಈಗಾಗಲೇ ಹೊಡೆದ ಸಂಖ್ಯೆಗೂ ಸ್ಥಾನವಿದೆ. 7, 9, 11, 13ನ್ನು ಬಿಟ್ಟರೆ ಬರುವುದು 15. ಹೊಡೆದದ್ದನ್ನು ಅಳಿಸಿಬಿಟ್ಟರೆ ಅಥವಾ ಎಣಿಕೆಯಿಂದ ಕೈಬಿಟ್ಟರೆ ಜರಡಿಯ ಕಣ್ಣುಗಳ ಅಂತರವೇ ಬದಲಾಗುತ್ತದೆ.

ತಿದ್ದಿಕೊಂಡ ಮೇಲೆ ಐದಕ್ಕೆ ಹೊಸದಾಗಿ ಸಿಕ್ಕಿದ್ದು 25 ಮತ್ತು 35 ಮಾತ್ರ. ನಂತರ ಏಳು. 14, 21, 28, 35, 42 ಎಲ್ಲಕ್ಕೂ ಆಗಲೇ ಗೆರೆ ಬಿದ್ದಿತ್ತು. ಪೆನ್ಸಿಲ್ ಸುಮ್ಮನೆ ಅವುಗಳ ಮೇಲೆ ಹಾದು ಕೊನೆಗೆ 49ರ ಮೇಲೆ ನಿಂತಿತು. ಮಗ್ಗಿಯ ಆ ಪ್ರಶ್ನೆಯನ್ನು ಅವಳು ನನಗೆ ಕೇಳಿದ್ದು ಆಗಲೇ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಭಾವ, “ಪುಸ್ತಕದಲ್ಲಿ ಏಳರ ತನಕ ಅಂತಿದ್ದರೆ ಏಳರ ತನಕ ಮಾಡು” ಎಂದರು. ಭಾವ ಒಳ್ಳೆಯವರೇ, ಆದರೆ ಪ್ರಶ್ನೆಯನ್ನು ಮುಗಿಸಿಬಿಡುವುದನ್ನೇ ಉತ್ತರವೆಂದು ತಿಳಿದವರು.

ಪೂರ್ತಿ ಮಗ್ಗಿ ಬೇಕಿಲ್ಲ ಎಂಬುದೇ ಅವಳಿಗೆ ಕೊಡಬೇಕಾದ ಉತ್ತರವಾಗಿತ್ತು. ಏಳನ್ನು 2, 3, 4, 5, 6ರಿಂದ ಗುಣಿಸಿದ್ದೆಲ್ಲ 2, 3 ಅಥವಾ 5ರ ಕೈಗೆ ಮೊದಲೇ ಸಿಕ್ಕಿರುತ್ತದೆ. ಹೊಸ ಬೇಟೆ ಆರಂಭವಾಗುವುದು ಏಳೇಳಲೆ ನಲವತ್ತೊಂಬತ್ತರಿಂದ. ಹಾಗೆಯೇ ಐದಕ್ಕೆ 25ರಿಂದ, ಮೂರಕ್ಕೆ 9ರಿಂದ. ಹನ್ನೊಂದರ ಸರದಿ ಬರುವುದೇ 121ರಲ್ಲಿ, ಆದ್ದರಿಂದ ಐವತ್ತರ ಪಟ್ಟಿಯಲ್ಲಿ ಅದಕ್ಕೆ ಕೆಲಸವಿಲ್ಲ. ಆದರೆ ಏಳನ್ನು ಬಿಟ್ಟಿದ್ದರೆ 49 ಅವಿಭಾಜ್ಯವೆಂದು ಉಳಿದು, ಹದಿನೈದರ ಬದಲು ಹದಿನಾರಾಗುತ್ತಿತ್ತು. ಉಳಿದವನ್ನು ಅವಳು ಬರೆದಳು: 2, 3, 5, 7, 11, 13, 17, 19, 23, 29, 31, 37, 41, 43, 47.

“ಹಾಗಾದರೆ ನೂರಿಪ್ಪತ್ತರ ತನಕ ಈ ನಾಲ್ಕೇ ಸಾಕಲ್ಲ ಮಾವ?” ಎಂದು ಅವಳೇ ಹಾಳೆಯನ್ನು ಮುಂದುವರಿಸಿದಳು. ಏಳಕ್ಕೆ 49ರ ಜೊತೆ 77, 91, 119 ಸಿಕ್ಕವು. 91ರ ಮೇಲೆ ಗೆರೆ ಬಿದ್ದದ್ದನ್ನು ನೋಡಿ ಭಾವ ಪೇಪರ್ ಕೆಳಗಿಟ್ಟು, “ಅದು ಯಾವ ಮಗ್ಗಿಯಲ್ಲಿ ಬರುತ್ತದೆ?” ಎಂದು ವಾದಕ್ಕೆ ನಿಂತರು. ಹತ್ತಕ್ಕೆ ನಿಲ್ಲುವ ಏಳರ ಮಗ್ಗಿಯಲ್ಲಿ ಅದು ಬರುವುದೇ ಇಲ್ಲ, ಹದಿಮೂರರ ಮಗ್ಗಿಯಲ್ಲಿ ಮಾತ್ರ ಬರುತ್ತದೆ. ಅವಳು “ಹದಿಮೂರೇಳಲೆ” ಎಂದು ಹೇಳಿ, ಮುಂದಿನ ಸಂಖ್ಯೆಗೆ ಹೋದಳು.